ಕಪ್ಪು ಹೊಗೆಯ ಬಿಸಿ

ಮಾನ್ಯರೇ,

ತಾಪಮಾನ ಏರಿಕೆಯ ಚರ್ಚೆಯಲ್ಲಿ ಡೀಸೆಲ್ ಎಂಜಿನ್ ಮತ್ತು ಕಸಕಡ್ಡಿ, ಸೌದೆಯ ಬೆಂಕಿಯಿಂದ ಬರುವ ಕಪ್ಪು ಇಂಗಾಲ, ಅಂದರೆ ಮಸಿ, ಮರೆತೇ ಹೋಗುತ್ತಿದೆ. ಇಂಗಾಲದ ಡೈಆಕ್ಸೈಡ್ ನೆಲದಿಂದ ಏಳುವ ಶಾಖವನ್ನು ಹಿಡಿದಿಡುತ್ತದೆ. ಮಸಿ ಹಾಗಲ್ಲ. ಅದು ಬಿಸಿಲನ್ನೇ ನೇರವಾಗಿ ಹೀರಿ, ಸುತ್ತಲಿನ ಗಾಳಿಯನ್ನು ಆಗಿಂದಾಗಲೇ ಕಾಯಿಸುತ್ತದೆ. ಹಿಮದ ಮೇಲೆ ಬಿದ್ದರೆ ಬಿಳುಪು ಮಂಕಾಗಿ ಹಿಮ ಬೇಗ ಕರಗುತ್ತದೆ.

ಆದರೆ ಮಸಿ ಗಾಳಿಯಲ್ಲಿ ಉಳಿಯುವುದು ಕೆಲವು ದಿನ, ಜಾಸ್ತಿ ಎಂದರೆ ಒಂದೆರಡು ವಾರ. ಮಳೆ ಬಂದರೆ ತೊಳೆದು ಹೋಗುತ್ತದೆ. ಹಾಗಾಗಿ ಇಂದು ತಡೆದರೆ ಫಲ ಬೇಗ ಸಿಗುತ್ತದೆ, ಅಲ್ವಾ? ಎಲ್ಲ ಹೊಗೆಯೂ ಒಂದೇ ಅಲ್ಲ ಎನ್ನುವುದೂ ನಿಜ. ಸೌದೆಯ ಹೊಗೆಯಲ್ಲಿ ಬಿಸಿಲನ್ನು ಚದುರಿಸುವ ತಿಳಿಬಣ್ಣದ ಕಣಗಳೂ ಇದ್ದು, ಬಿಸಿ ಸ್ವಲ್ಪ ತಗ್ಗುತ್ತದೆ. ಡೀಸೆಲ್ ಹೊಗೆಯಲ್ಲಿ ಮಸಿಯ ಪಾಲೇ ಜಾಸ್ತಿ.

ಡೀಸೆಲ್ ವಾಹನದ ಕಣ ಫಿಲ್ಟರ್ ಸರಿಯಾಗಿದ್ದರೆ ಶೇ 90ಕ್ಕಿಂತ ಹೆಚ್ಚು ಮಸಿಯನ್ನು ತಡೆಯುತ್ತದೆ. ಕಟ್ಟಿಕೊಂಡಿತೆಂದು ಕೆಲವರು ಅದನ್ನೇ ಕಿತ್ತುಹಾಕಿಸುತ್ತಾರೆ. ಹೊಗೆ ಎಷ್ಟು ದಟ್ಟ ಎಂದಷ್ಟೇ ನೋಡುವ ತಪಾಸಣೆಯಲ್ಲಿ ಇದು ಎಷ್ಟೋ ಸಲ ಸಿಕ್ಕಿಬೀಳುವುದಿಲ್ಲ. ಫಿಲ್ಟರ್ ಇರುವ ವಾಹನಗಳ ತಪಾಸಣೆಯಲ್ಲಿ ಕಣಗಳನ್ನು ಎಣಿಸುವ ಯಂತ್ರವನ್ನೇ ಬಳಸಬೇಕು.

– ಒಬ್ಬ ಓದುಗ