ಅಂಗಡಿಯವರ ಗಮನಕ್ಕೆ: ಮಳೆಗಾಲದ ಬಿಲ್ ಗಡುವು

ಸದಸ್ಯರೇ, ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರದ ಕಡೆ ವ್ಯಾಪಾರ ಇಳಿಯುತ್ತದೆ. ವಿತರಕರ ಏಳು ದಿನದ ಗಡುವು ಮಾತ್ರ ಕದಲುವುದಿಲ್ಲ. ಎಲ್ಲ ಸರಕಿಗೂ ತಿಂಗಳ ಸಾಲ ಕೇಳಿದರೆ ಸಣ್ಣ ಅಂಗಡಿಗೆ ಸಿಗುವುದು ಕಷ್ಟ. ನಿಧಾನವಾಗಿ ಖರ್ಚಾಗುವ ಸರಕಿಗಷ್ಟೇ ‘ಬಿಲ್‌ಗೆ ಬಿಲ್’ ಕೇಳಿ: ಹೊಸ ಸರಕು ಇಳಿದ ದಿನ ಹಳೆಯ ಬಿಲ್ ಚುಕ್ತಾ.

ಅದಕ್ಕೆ ಪ್ರತಿಯಾಗಿ ಸಕ್ಕರೆ, ಎಣ್ಣೆಗೆ ನಗದು ಕೊಡುವುದಾಗಿ ಹೇಳಿ, ರಿಯಾಯಿತಿ ಕೇಳಿ. 20,000 ರೂಪಾಯಿಯ ಬಿಲ್ಲಿಗೆ ಶೇ 2 ಸಿಕ್ಕರೂ 400 ರೂಪಾಯಿ ಉಳಿತಾಯ. ಆ 20,000 ರೂಪಾಯಿಯನ್ನು ತಿಂಗಳಿಗೆ ಶೇ 2ರ ಬಡ್ಡಿಗೆ ತಂದರೆ ಏಳು ದಿನಕ್ಕೆ ತಗಲುವುದು ಸುಮಾರು 93 ರೂಪಾಯಿ.

ಒಪ್ಪಿದ್ದನ್ನು ಸೇಲ್ಸ್‌ಮನ್ ಬಾಯಿಮಾತಿಗೆ ಬಿಡಬೇಡಿ (ಅವರು ಬದಲಾಗುತ್ತಲೇ ಇರುತ್ತಾರೆ). ಏಜೆನ್ಸಿ ಮಾಲೀಕರಿಗೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಒಪ್ಪಿಗೆಯ ಉತ್ತರ ಪಡೆಯಿರಿ. ಭದ್ರತೆಗೆಂದು ಮೊತ್ತ ಬರೆಯದ ಚೆಕ್‌ಗೆ ಸಹಿ ಹಾಕಿ ಕೊಡಲೇಬೇಡಿ.