ವಿಷಯ: ಪರಿಚಯ ವಿಡಿಯೊ ಪ್ಯಾಕೇಜಿಗೆ ಕಟ್ಟಿದ ₹2,499 ವಾಪಸ್ ಕೊಡುವ ಬಗ್ಗೆ

ಮಾನ್ಯರೆ,

ನಾಲ್ಕು ಸಲ ಫೋನ್ ಮಾಡಿ, ಎರಡು ಇಮೇಲ್ ಕಳಿಸಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಅಕೌಂಟ್ಸ್ ಕೆಲಸದ ಅರ್ಜಿಗೆ ನೀವು ಮಾಡಿಕೊಟ್ಟ ವಿಡಿಯೊ ಎಲ್ಲಿಗೂ ಕಳಿಸುವಂತಿಲ್ಲ.

ವಿಡಿಯೊ 60ರಿಂದ 90 ಸೆಕೆಂಡ್ ಇರಬೇಕು ಎಂದು ನಿಮ್ಮ ಕರಪತ್ರದಲ್ಲೇ ಇದೆ. ಇಂಗ್ಲಿಷಿನಲ್ಲಿ ಸಾವಧಾನವಾಗಿ ಮಾತಾಡಿದರೆ ನಿಮಿಷಕ್ಕೆ ಸುಮಾರು 130 ಪದ. ನಿಮ್ಮವರು ಬರೆದುಕೊಟ್ಟದ್ದು 310 ಪದ. ಓದಲು ಎರಡು ನಿಮಿಷ ದಾಟಿತು. ಪದ ಕಡಿಮೆ ಮಾಡುವುದು ಬಿಟ್ಟು ಎಡಿಟಿಂಗಿನಲ್ಲಿ ವೇಗ ಒಂದೂವರೆ ಪಟ್ಟು ಏರಿಸಿದ್ದೀರಿ. ಉದ್ಯೋಗ ಕೇಳುವವನ ದನಿಯೋ, ಲಾಟರಿ ಮಾರುವವನ ದನಿಯೋ ಗೊತ್ತಾಗುವುದಿಲ್ಲ. ಮೊದಲ 25 ಸೆಕೆಂಡ್ ತಂದೆಯ ಹೆಸರು, ಊರು, ಹವ್ಯಾಸ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಮಾತು ಬರುವುದು ಕೊನೆಯಲ್ಲಿ. ಯಾವ ಕೆಲಸಕ್ಕೆ ಅರ್ಜಿ, ಅದರಲ್ಲಿ ಏನು ಮಾಡಿ ಗೊತ್ತು ಎಂಬುದು ಮೊದಲ ಎರಡು ವಾಕ್ಯದಲ್ಲೇ ಬರಬೇಕಿತ್ತು.

ಕ್ಯಾಮೆರಾ ಎದೆಮಟ್ಟದಲ್ಲಿತ್ತು, ಹಾಗಾಗಿ ಮೂಗಿನ ಹೊಳ್ಳೆ ಮತ್ತು ಸೀಲಿಂಗ್ ಫ್ಯಾನ್ ಸ್ಪಷ್ಟವಾಗಿ ಬಂದಿವೆ. ಲೆನ್ಸ್ ಕಣ್ಣಿನ ಮಟ್ಟಕ್ಕಿದ್ದು, ತಲೆಯ ಮೇಲೆ ಸ್ವಲ್ಪವೇ ಜಾಗ ಬಿಟ್ಟು, ಎದೆಯವರೆಗೆ ಹಿಡಿದರೆ ಸಾಕಿತ್ತು.

ಇನ್ನು ಕಣ್ಣಿನ ವಿಚಾರ. ಪಠ್ಯ ತೋರಿಸುವ ಲ್ಯಾಪ್‌ಟಾಪನ್ನು ಕ್ಯಾಮೆರಾದಿಂದ ಎರಡಡಿ ಎಡಕ್ಕೆ ಇಟ್ಟಿದ್ದಿರಿ. ಹೀಗಾಗಿ ವಿಡಿಯೊ ಪೂರ್ತಿ ನನ್ನ ಕಣ್ಣು ಸಾಲುಸಾಲಾಗಿ ಎಡದಿಂದ ಬಲಕ್ಕೆ ಸರಿಯುತ್ತದೆ. ಇದನ್ನು ಫೋನಿನಲ್ಲಿ ಹೇಳಿದಾಗ ನಡೆದದ್ದು ಇದು:

"ಸರ್, ನಿಮಗೆ ಕಾನ್ಫಿಡೆನ್ಸ್ ಇಲ್ಲ, ಅದಕ್ಕೇ ಆ ಕಡೆ ನೋಡಿದೀರ."
"ಆ ಕಡೆ ಇಟ್ಟಿದ್ದು ನೀವೇ ಅಲ್ವಾ?"
"ಲ್ಯಾಪ್‌ಟಾಪ್ ಅಲ್ಲೇ ಇಡೋದು ಸರ್, ಚಾರ್ಜರ್ ವೈರ್ ಅಷ್ಟೇ ಉದ್ದ."
"ಹಾಗಾದ್ರೆ ಎಲ್ಲರ ವಿಡಿಯೊನೂ ಹೀಗೇ ಬರುತ್ತಾ?"
"ಇಲ್ಲ ಸರ್, ನಿಮ್ಮ ಕಣ್ಣೇ ಸ್ವಲ್ಪ ಹಂಗಿದೆ."

ಆಮೇಲೆ ಪಕ್ಕದಲ್ಲಿ ಯಾರೋ ನಕ್ಕರು. ಫೋನ್ ಮ್ಯೂಟ್ ಮಾಡಿದ್ದೇವೆಂದು ನಿಮ್ಮವರು ಅಂದುಕೊಂಡಿರಬೇಕು. ನನ್ನ ಕಣ್ಣಿನ ದೋಷವನ್ನು ಇಷ್ಟು ವರ್ಷ ಯಾವ ಡಾಕ್ಟರೂ ಹೇಳಿರಲಿಲ್ಲ. ನಿಮ್ಮ ಚಾರ್ಜರ್ ವೈರ್ ಕಂಡುಹಿಡಿದಿದೆ, ಧನ್ಯವಾದ.

ಇಡೀ ಪಠ್ಯ ಓದಿಸುವ ಬದಲು ಮೂರು ಸುಳಿವಿನ ಪದ ಚೀಟಿಯಲ್ಲಿ ಬರೆದು ಲೆನ್ಸ್ ಕೆಳಗೇ ಅಂಟಿಸಿದ್ದರೆ ಕಣ್ಣು ನೇರ ಇರುತ್ತಿತ್ತು, ಮಾತೂ ಮಾತಿನ ಹಾಗಿರುತ್ತಿತ್ತು. ನೀವು ಕಾನ್ಫಿಡೆನ್ಸ್ ಎನ್ನುತ್ತಿರುವುದು ಬಹುಪಾಲು ಇದೇ. ಇದಕ್ಕೆ ಬೇಕಾದದ್ದು ಒಂದಿಷ್ಟು ಟೇಪು.

ಮತ್ತೆ ಶೂಟಿಂಗ್ ಮಾಡಿಕೊಡುತ್ತೇವೆ ಎಂಬ ನಿಮ್ಮ ಮಾತು ನನಗೆ ಬೇಡ. ಏಳು ದಿನದಲ್ಲಿ ಹಣ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ, ಅಲ್ಲಿಂದ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದೊಳಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ. ಸಾಕ್ಷ್ಯವಾಗಿ ನಿಮ್ಮ ವಿಡಿಯೊವನ್ನೇ ಕೊಡುತ್ತೇನೆ, ನೀವು ಇಟ್ಟ ವೇಗದಲ್ಲೇ.

ಇತಿ,
ನೊಂದ ಗ್ರಾಹಕ