ಹತ್ತು ವರ್ಷದ ಋಣ ಮತ್ತು ಕಿರಿಯ ವಕೀಲರಿಗೊಂದು ಮಾರ್ಗದರ್ಶನ

ವಿಜಯಪುರದಲ್ಲಿ ನಾನು ವಕೀಲಿಕೆ ಆರಂಭಿಸಿ ಈ ತಿಂಗಳಿಗೆ 10 ವರ್ಷ ತುಂಬಿತು. ಕೈಹಿಡಿದ ಎಲ್ಲರಿಗೂ ವಂದನೆಗಳು. ಅವರಲ್ಲಿ ಒಬ್ಬರ ಉಪಕಾರವನ್ನು ಮಾತ್ರ ಬಿಡಿಸಿ ಹೇಳಬೇಕು.

ಎರಡನೆಯ ವರ್ಷದಲ್ಲಿ ಒಂದು ವಾಟ್ನಿ ದಾವೆಯ ಕೈಫಿಯತ್ತು ಸಲ್ಲಿಸಲು ಇದ್ದ 30 ದಿನಗಳ ಅವಧಿ ನನ್ನ ಅಲಕ್ಷ್ಯದಿಂದ ಮೀರಿಹೋಯಿತು. ನಮ್ಮ ಕಚೇರಿಯ ಹಿರಿಯರಿಗೆ ಹೇಳಲು ಧೈರ್ಯವಾಗದೆ ಗ್ರಂಥಾಲಯದಲ್ಲಿ ಕುಳಿತಿದ್ದಾಗ, ಬೇರೆ ಕಚೇರಿಯ ಹಿರಿಯರೊಬ್ಬರು ಪಕ್ಕದ ಕುರ್ಚಿ ಎಳೆದುಕೊಂಡು ವಿಚಾರಿಸಿದರು. ಕಾರಣಗಳನ್ನು ದಾಖಲಿಸಿ 90 ದಿನಗಳವರೆಗೂ ಅವಕಾಶ ಕೊಡಲು ನ್ಯಾಯಾಲಯಕ್ಕೆ ಅಧಿಕಾರವಿದೆಯೆಂದು ತಿಳಿಸಿ, ತಪ್ಪನ್ನು ಮುಚ್ಚಿಡದೆ ಅರ್ಜಿ ಬರೆಯಲು ಹೇಳಿ, ಅಂದೇ ಸಂಜೆ ನಮ್ಮ ಹಿರಿಯರ ಮುಂದೆ ಒಪ್ಪಿಕೊಳ್ಳಲು ಕಳಿಸಿದರು. ಈ ಮಾತನ್ನು ಅವರು ಇಂದಿಗೂ ಯಾರೆದುರೂ ಎತ್ತಿಲ್ಲ.

ಆ ಋಣ ನೆನೆದು, ನಾವು ಕೆಲವು ವಕೀಲರು ಸೇರಿ, ಮೂರು ವರ್ಷದೊಳಗಿನ ಅನುಭವವಿರುವ ಕಿರಿಯರಿಗಾಗಿ ಆರು ತಿಂಗಳ ಮಾರ್ಗದರ್ಶನ ಕಾರ್ಯಕ್ರಮವನ್ನು ಆರಂಭಿಸುತ್ತಿದ್ದೇವೆ. ಜೋಡಿ ಮಾಡುವಾಗ ಮೊದಲು ನೋಡುವುದು ಯಾರು ಯಾರಿಗೆ ಸಲ್ಲರು ಎಂಬುದನ್ನು: ಒಂದೇ ಕಚೇರಿಯವರಾಗಿರಬಾರದು, ನಡೆಯುತ್ತಿರುವ ಯಾವ ಪ್ರಕರಣದಲ್ಲೂ ಎದುರುಬದುರು ಇರಬಾರದು, ಮತ್ತು ಕಿರಿಯರು ಬೇಡವೆಂದ ಹೆಸರಿಗೆ ಕಾರಣ ಕೇಳುವುದಿಲ್ಲ. ಆಮೇಲಷ್ಟೇ ದಿವಾಣಿಯೋ ಫೌಜದಾರಿಯೋ ಎಂಬ ಆಸಕ್ತಿಯನ್ನು ಪರಿಗಣಿಸುತ್ತೇವೆ. ಎರಡು ಭೇಟಿಗಳ ನಂತರ ಹೊಂದಿಕೆಯಾಗದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಬದಲಾವಣೆ ಕೇಳಬಹುದು. ನಡುವೆ ಹೊಸ ಪ್ರಕರಣವೊಂದರಲ್ಲಿ ಎದುರಾದರೆ ಜೋಡಿಯನ್ನು ಅಂದೇ ಬಿಡಿಸಲಾಗುವುದು.

ತಿಂಗಳಿಗೆ ಎರಡು ಭೇಟಿ, ಪ್ರತಿ ಭೇಟಿಗೆ ಒಂದು ಗಂಟೆ, ಕೋರ್ಟು ಬಿಟ್ಟ ಮೇಲೆ. ಕಡತ ತಿದ್ದಿಸಿಕೊಳ್ಳುವುದಕ್ಕೂ ಕಕ್ಷಿದಾರರನ್ನು ಕಳಿಸಿಕೊಡುವುದಕ್ಕೂ ಈ ಸಮಯವಲ್ಲ.

ಗೋಪ್ಯತೆಯ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. ಕಕ್ಷಿದಾರರು ತಮ್ಮ ವಕೀಲರಿಗೆ ಹೇಳಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನ ರಕ್ಷಣೆಯಿದೆ. ಆದರೆ ಮಾರ್ಗದರ್ಶಿ ಆ ಕಕ್ಷಿದಾರರ ವಕೀಲರಲ್ಲದ ಕಾರಣ, ಅವರ ಮುಂದೆ ಆಡಿದ ಮಾತಿಗೂ ಅದೇ ರಕ್ಷಣೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಆದ್ದರಿಂದ ಹೆಸರು, ಪ್ರಕರಣದ ಸಂಖ್ಯೆ, ಸರ್ವೆ ನಂಬರು ಯಾವುದೂ ಬಾಯಿಗೆ ಬರಬಾರದು. ಅಷ್ಟೇ ಸಾಲದು: ‘ಇಂಡಿ ಕಡೆಯ ಲಿಂಬೆ ತೋಟ, ಮೂವರು ಅಣ್ಣತಮ್ಮಂದಿರು’ ಎಂದರೆ ನಮ್ಮ ಬಾರಿನಲ್ಲಿ ಅರ್ಧ ಜನರಿಗೆ ಯಾವ ಮನೆಯೆಂದು ಗೊತ್ತಾಗುತ್ತದೆ. ‘ವಾದಿಯ ಪಾಲಿನ ಹಕ್ಕನ್ನು ಅಲ್ಲಗಳೆಯುವುದು ಹೇಗೆ’ ಎಂದು ಕೇಳಿದರೆ ಸಾಕು. ಕಿರಿಯರ ಸ್ವಂತ ಅಳಲು, ಸಂಬಳದ ಮಾತು, ಹಿರಿಯರ ಬಗೆಗಿನ ಬೇಸರ ಇವು ಮಾರ್ಗದರ್ಶಿಯಲ್ಲೇ ಉಳಿಯುತ್ತವೆ. ಸಂಯೋಜಕರ ವಹಿಯಲ್ಲಿ ಭೇಟಿಯ ದಿನಾಂಕ ಮಾತ್ರ ಇರುತ್ತದೆ. ಯಾರದಾದರೂ ಜೀವಕ್ಕೆ ಅಪಾಯವಿದೆ ಎನಿಸಿದಾಗ ಮಾತ್ರ ಮಾರ್ಗದರ್ಶಿ, ಕಿರಿಯರಿಗೆ ತಿಳಿಸಿಯೇ, ಇನ್ನೊಬ್ಬರ ನೆರವು ಕೇಳಬಹುದು.

ಅಂದು ಪಕ್ಕದ ಕುರ್ಚಿಗೆ ಬಂದ ಹಿರಿಯರೂ ಮಾರ್ಗದರ್ಶಿಯಾಗಲು ಒಪ್ಪಿದ್ದಾರೆ. ಅವರ ಕಚೇರಿಯ ಕಿರಿಯರಿಗೆ ಮಾತ್ರ, ನಿಯಮದಂತೆ, ಅವರು ಸಿಗುವುದಿಲ್ಲ.